ಬಟ್ಟೆ ಒಣಹಾಕುವ ಕಂಬಿಯ ಬ್ರಾಕೆಟ್ ಮೂಲೆಯಲ್ಲೇ ಮುರಿಯುತ್ತಿದೆ

ಡೊಂಬಿವಲಿ_ಬಾಲ್ಕನಿ:
ಮಳೆಗಾಲಕ್ಕೆ ಮನೆಯೊಳಗೆ ಬಟ್ಟೆ ಒಣಗಿಸಲು ಎಲ್ ಆಕಾರದ ಎರಡು ಬ್ರಾಕೆಟ್ 3ಡಿ ಪ್ರಿಂಟ್ ಮಾಡಿದೆ. ಪಿಎಲ್‌ಎ ಪ್ಲಾಸ್ಟಿಕ್, 0.4 ಮಿಮೀ ನಾಝಲ್, ಹೊರಸುತ್ತಿನ ಗೆರೆ ಅಂದರೆ ವಾಲ್ 2, ಒಳಗಿನ ತುಂಬು ಅಂದರೆ ಇನ್‌ಫಿಲ್ 40%. ಕೈ 80 ಮಿಮೀ ಉದ್ದ, 6 ಮಿಮೀ ದಪ್ಪ, 20 ಮಿಮೀ ಅಗಲ. ಆಮೇಲೆ ಕಿತ್ತು ತೆಗೆಯುವ ಸಪೋರ್ಟ್ ಬೇಡ ಅಂತ ಗೋಡೆಗೆ ಕೂರುವ ಪಟ್ಟಿಯನ್ನು ಪ್ರಿಂಟರಿನ ಬೆಡ್ ಮೇಲಿಟ್ಟು ಕೈಯನ್ನು ನೆಟ್ಟಗೆ ಮೇಲಕ್ಕೆ ಬೆಳೆಸಿದೆ. ಎರಡು ಒದ್ದೆ ಜೀನ್ಸ್ ಹಾಕಿದ್ದೇ ತಡ, ಕೈ ಬುಡದಲ್ಲಿ ಬಿಸ್ಕತ್ತಿನ ಹಾಗೆ ಮುರಿಯಿತು.

ಪುಣೆ_ಪ್ರಿಂಟು:
ಇನ್‌ಫಿಲ್ 100% ಮಾಡಿ ಸರ್. ನನ್ನದು ಗಟ್ಟಿಯಾಗಿದ್ದು ಹಾಗೇ.

ಮಡಗಾಂವ್_ಮೇಷ್ಟ್ರು:
ಸ್ವಲ್ಪ ಗಟ್ಟಿಯಾಗಬಹುದು, ಆದರೆ ಮುರಿಯುವ ಜಾಗ ಬದಲಾಗಲ್ಲ. ಮುರಿದ ಮುಖ ನೋಡಿ, ಚಾಕುವಲ್ಲಿ ಕತ್ತರಿಸಿದ ಹಾಗೆ ನುಣ್ಣಗಿದೆಯಾ?

ಡೊಂಬಿವಲಿ_ಬಾಲ್ಕನಿ:
ಹೌದು, ಗೆರೆಗಳೂ ಕಾಣುತ್ತವೆ.

ಮಡಗಾಂವ್_ಮೇಷ್ಟ್ರು:
ಹಾಗಾದರೆ ಪದರಗಳ ನಡುವಿನ ಅಂಟೇ ಬಿಟ್ಟಿದೆ. ಭಾರ ಕೈಯನ್ನು ಕೆಳಗೆ ಎಳೆದಾಗ ಬುಡದ ಮೇಲ್ಭಾಗ ಹಿಗ್ಗುತ್ತದೆ. ನಿಮ್ಮ ಪದರಗಳು ಅಲ್ಲಿ ಕೈಗೆ ಅಡ್ಡಲಾಗಿವೆ, ಅದಕ್ಕೇ ಒಂದರಿಂದೊಂದು ಕಿತ್ತು ಬರುತ್ತವೆ.

ಇಡೀ ಎಲ್ ಅನ್ನು ಪಕ್ಕಕ್ಕೆ ಮಲಗಿಸಿ. ಆಗ ಪ್ರಿಂಟಿನ ಎತ್ತರ ಬರೀ 20 ಮಿಮೀ. ಪ್ರತಿ ಪದರದಲ್ಲೂ ಪ್ಲಾಸ್ಟಿಕ್ ಎಳೆ ಪಟ್ಟಿಯಿಂದ ಮೂಲೆ ತಿರುಗಿ ಕೈಯ ತುದಿಯವರೆಗೆ ಒಂದೇ ಸಮ ಹೋಗುತ್ತದೆ. ವಾಲ್ 6 ಕೊಡಿ. ಒಂದು ಗೆರೆ 0.45 ಮಿಮೀ ಅಂದರೆ ಮೇಲೆ 2.7, ಕೆಳಗೆ 2.7. ಆರು ಮಿಮೀ ಕೈಯಲ್ಲಿ ಇನ್‌ಫಿಲ್‌ಗೆ ಜಾಗವೇ ಉಳಿಯಲ್ಲ, ಅಲ್ವಾ? ಒಳಮೂಲೆಗೆ 5 ಮಿಮೀ ದುಂಡು ಕೊಡಿ. ಚೂಪು ಮೂಲೆಯಿಂದಲೇ ಬಿರುಕು ಶುರುವಾಗೋದು.

ಡೊಂಬಿವಲಿ_ಬಾಲ್ಕನಿ:
ಮಲಗಿಸಿದರೆ ಸ್ಕ್ರೂ ತೂತುಗಳು ಅಡ್ಡ ಆಗ್ತವಲ್ಲ, ಸಪೋರ್ಟ್ ಬೇಕಾ?

ಮಡಗಾಂವ್_ಮೇಷ್ಟ್ರು:
5 ಮಿಮೀ ತೂತಿಗೆ ಬೇಡ. ಮೇಲ್ಭಾಗ ಸ್ವಲ್ಪ ಜೋತು ಬೀಳುತ್ತದೆ, ಡ್ರಿಲ್ ಬಿಟ್ ಒಮ್ಮೆ ಆಡಿಸಿ. ಇಲ್ಲವಾದರೆ ತೂತಿನ ತಲೆಯನ್ನು ನೀರಹನಿಯ ಹಾಗೆ ಚೂಪು ಮಾಡಿ. ಒಳಗೆ ಸಿಕ್ಕಿಕೊಂಡ ಸಪೋರ್ಟ್ ಕೆದಕೋ ಕೆಲಸ ಸುಮ್ನೆ ಯಾಕೆ?

ಪಣಜಿ_ಸವಾರ:
ನನ್ನ ಕಾರಿನ ಮೊಬೈಲ್ ಸ್ಟ್ಯಾಂಡೂ ಮಲಗಿಸಿಯೇ ಮಾಡಿದ್ದು. ಬಿಸಿಲಿಗೆ ಬಾಗಿ ಹೋಯಿತು!

ಮಡಗಾಂವ್_ಮೇಷ್ಟ್ರು:
ಅದು ಬೇರೆ ಕಾಯಿಲೆ ರೀ. ಪಿಎಲ್‌ಎ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಅಲ್ಲಿ ವಾಲ್ ಹೆಚ್ಚಿಸಿ ಉಪಯೋಗವಿಲ್ಲ, ಬಿಸಿ ತಡೆಯುವ ಎಬಿಎಸ್ ಅಥವಾ ಎಎಸ್‌ಎ ಪ್ಲಾಸ್ಟಿಕ್ ಬೇಕು.

ಡೊಂಬಿವಲಿ_ಬಾಲ್ಕನಿ:
ಹೊಸದನ್ನು ಗೋಡೆಗೆ ಹಾಕಿ, ತುದಿಗೆ 10 ಲೀಟರ್ ನೀರಿನ ಬಕೆಟ್ ನೇತುಹಾಕಿದೆ. ಮುರಿಯಲಿಲ್ಲ! ಆದರೆ ಒಂದು ವಾರ ಬಟ್ಟೆ ಹಾಕಿದ ಮೇಲೆ ತುದಿ 3 ಮಿಮೀ ಇಳಿದಿದೆ. ಕೈ ಬಗ್ಗಿತೋ, ಗೋಡೆಯ ಪ್ಲಗ್ ಸಡಿಲವಾಯಿತೋ ಗೊತ್ತಾಗುತ್ತಿಲ್ಲ.

ಪುಣೆ_ಪ್ರಿಂಟು:
ಪ್ಲಗ್ಗೇ ಇರಬೇಕು.

ಮಡಗಾಂವ್_ಮೇಷ್ಟ್ರು:
ಪಿಎಲ್‌ಎ ಸದಾ ಭಾರ ಹೊತ್ತರೆ ನಿಧಾನಕ್ಕೆ ಬಗ್ಗುತ್ತದೆ. ಬಿಚ್ಚಿ, ಮೂಲೆಮಟ್ಟ ಇಟ್ಟು ನೋಡಿ. 90 ಡಿಗ್ರಿ ತಪ್ಪಿದ್ದರೆ ಪ್ಲಾಸ್ಟಿಕ್, ಇಲ್ಲದಿದ್ದರೆ ಗೋಡೆ.