ಅಡುಗೆಮನೆಗೆ, ಗ್ಯಾರೇಜಿಗೆ ಹೊಗೆಯದ್ದೋ ಶಾಖದ್ದೋ?

ಕೇಳಿದವರು: ಅಡುಗೆಮನೆಯ ಸ್ಮೋಕ್ ಡಿಟೆಕ್ಟರ್ ಏನಾದರೂ ಹುರಿದರೆ ಸಾಕು, ಕಿರುಚಿಕೊಳ್ಳುತ್ತೆ. ಮನೆಗೆ ಅಂಟಿಕೊಂಡಿರೋ ಗ್ಯಾರೇಜಿನದ್ದು ಗಾಡಿ ಸ್ಟಾರ್ಟ್ ಮಾಡಿದಾಗೆಲ್ಲ ಕೂಗುತ್ತೆ. ಎರಡನ್ನೂ ತೆಗೆದು ಹೀಟ್ ಡಿಟೆಕ್ಟರ್ ಹಾಕಿಸಿ ಅಂತಿದ್ದಾರೆ. ಆದರೆ ಹೊಗೆ ಮೊದಲು, ಬಿಸಿ ಆಮೇಲೆ ತಾನೇ? ತಡ ಆಗಲ್ವಾ? ಹಾಕಿಸಿದವರು ಅನುಭವ ಹೇಳಿ.

ಫೈರ್ ಅಲಾರ್ಮ್ ಕೆಲಸದವನು: ತಡ ಆಗುತ್ತೆ ಸರ್, ಅದನ್ನು ಮುಚ್ಚಿಡಬಾರದು. ಒಲೆ ಮೇಲೆ ಮರೆತುಬಿಟ್ಟ ಎಣ್ಣೆ ಬಾಣಲೆಯನ್ನೇ ತಗೊಳ್ಳಿ. ಅಡುಗೆ ಎಣ್ಣೆಗಳು ಸುಮಾರಾಗಿ 200 ಡಿಗ್ರಿ ದಾಟಿದ ಮೇಲೆ ಹೊಗೆಯಾಡ್ತವೆ, ತಾವಾಗಿ ಹೊತ್ತಿಕೊಳ್ಳೋದು 350ರ ಆಸುಪಾಸಿನಲ್ಲಿ. ಈ ನಡುವಿನ ಹೊತ್ತಿನಲ್ಲಿ ಬಾಣಲೆಯಿಂದ ದಟ್ಟ ಹೊಗೆ ಏಳ್ತಾನೇ ಇರುತ್ತೆ, ಆದರೆ ಸೀಲಿಂಗಿನ ಗಾಳಿ ಅಷ್ಟೇನೂ ಕಾದಿರಲ್ಲ. ಹೀಟ್ ಡಿಟೆಕ್ಟರ್ ಕೂಗಬೇಕಾದರೆ ಅದರ ಸುತ್ತಲಿನ ಗಾಳಿ 57 ಡಿಗ್ರಿ ಹತ್ತಿರ ಬರಬೇಕು. ಅಂದರೆ ಹೆಚ್ಚುಕಮ್ಮಿ ಜ್ವಾಲೆ ಎದ್ದ ಮೇಲೆಯೇ.

ಹಾಗಿದ್ದರೂ ಅಡುಗೆಮನೆಗೆ ನಾನು ಹಾಕೋದು ಹೀಟ್ ಟೈಪನ್ನೇ. ಸ್ಮೋಕ್ ಡಿಟೆಕ್ಟರಿನ ಒಳಗೆ ಒಂದು ಕತ್ತಲ ಗೂಡಿರುತ್ತೆ, ಅದರಲ್ಲೊಂದು ಸಣ್ಣ ಬೆಳಕು. ಗಾಳಿಯಲ್ಲಿ ಕಣಗಳು ಬಂದರೆ ಆ ಬೆಳಕು ಚದುರಿ ಪಕ್ಕದ ಸೆನ್ಸರಿನ ಮೇಲೆ ಬೀಳುತ್ತೆ, ಆಗ ಕೂಗುತ್ತೆ. ಆ ಕಣ ಪರದೆ ಸುಟ್ಟದ್ದೋ, ಎಣ್ಣೆ ಹಬೆಯೋ, ಕುಕ್ಕರಿನ ಆವಿಯೋ ಅಂತ ಅದಕ್ಕೆ ಗೊತ್ತಾಗಲ್ಲ. ಅಯಾನೈಸೇಶನ್ ಅಂತ ಇನ್ನೊಂದು ಬಗೆ ಇದೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಕಣಕ್ಕೂ ಎಚ್ಚರಗೊಳ್ಳುತ್ತೆ, ಬ್ರೆಡ್ ಟೋಸ್ಟ್ ಮಾಡಿದರೂ ಸಾಕು. ಗ್ಯಾರೇಜಿನಲ್ಲಿ ಎಂಜಿನ್ ಹೊಗೆ, ಧೂಳು, ಜೇಡ ಎಲ್ಲವೂ ಇದೇ ಕೆಲಸ ಮಾಡ್ತವೆ.

ಮೊನ್ನೆ ಒಂದು ಮನೆಯಲ್ಲಿ ಎಂಟು ವರ್ಷ ಅಡುಗೆಮನೆಯಲ್ಲಿದ್ದ ಸ್ಮೋಕ್ ಡಿಟೆಕ್ಟರ್ ಬಿಚ್ಚಿದೆ. ಸುತ್ತಲಿನ ಜಾಲರಿ ಹಳದಿಗಟ್ಟಿ ಅಂಟಂಟಾಗಿತ್ತು, ಉಗುರಿನಲ್ಲಿ ಗೀರಿದರೆ ಎಣ್ಣೆ ಜಿಡ್ಡು ಸುರುಳಿಯಾಗಿ ಬಂತು. ಅದರ ಮೇಲೆ ಕೂತ ಧೂಳು ಅರ್ಧ ಕಿಂಡಿಗಳನ್ನು ಮುಚ್ಚಿತ್ತು. ಬ್ಯಾಟರಿ ಜಾಗ ಖಾಲಿ. ಕೂಗಿ ಕೂಗಿ ಬೇಸತ್ತು ಯಾವಾಗಲೋ ತೆಗೆದಿಟ್ಟಿದ್ದಾರೆ. ನಾನು ಹೆಚ್ಚಾಗಿ ನೋಡೋದು ಇದನ್ನೇ.

ನಿಮ್ಮ ತಡದ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಒಳಗೆ ಹೀಟ್ ಟೈಪು, ಅಡುಗೆಮನೆ ಬಾಗಿಲಿನ ಆಚೆ ಒಲೆಯಿಂದ ಕಡಿಮೆ ಅಂದರೂ 3 ಮೀಟರ್ ದೂರದಲ್ಲಿ ಒಂದು ಸ್ಮೋಕ್ ಟೈಪು. ಬಾಣಲೆ ಹೊಗೆ ನಿಜವಾಗಿ ದಟ್ಟವಾದರೆ ಬಾಗಿಲು ದಾಟಿ ಅದಕ್ಕೆ ಮುಟ್ಟುತ್ತೆ. ಎರಡನ್ನೂ ಒಂದಕ್ಕೊಂದು ಜೋಡಿಸಿ, ಯಾವುದು ಎಚ್ಚರಗೊಂಡರೂ ಮನೆಯಲ್ಲಿರೋ ಎಲ್ಲವೂ ಕೂಗಬೇಕು.

ಇತ್ತೀಚೆಗೆ ಮನೆ ಕಟ್ಟಿದವರು: ನನ್ನ ಪ್ರಕಾರ ತಲೆನೋವೇ ಬೇಡ, ಮನೆಪೂರ್ತಿ ಹೀಟ್ ಡಿಟೆಕ್ಟರ್ ಹಾಕಿಬಿಡಿ. ಸುಳ್ಳು ಕೂಗೋದೇ ಇಲ್ಲ. ಅದರಲ್ಲೂ ರೇಟ್ ಆಫ್ ರೈಸ್ ಅನ್ನೋದನ್ನು ತಗೊಳ್ಳಿ. 57 ಡಿಗ್ರಿ ಆಗೋವರೆಗೂ ಕಾಯಲ್ಲ, ನಿಮಿಷಕ್ಕೆ 8 ಡಿಗ್ರಿಗಿಂತ ಜಾಸ್ತಿ ಬಿಸಿ ಏರಿದರೆ ತಕ್ಷಣ ಕೂಗುತ್ತೆ. ತಡದ ಸಮಸ್ಯೆಯೂ ಮುಗೀತು.

ಓವನ್ ಇಟ್ಟುಕೊಂಡವರು: ಇಲ್ಲಿ ನನ್ನ ಕತೆ ಹೇಳಲೇಬೇಕು. ನಾನು ಮನೆಯಲ್ಲೇ ಕೇಕ್, ಬ್ರೆಡ್ ಮಾಡ್ತೀನಿ. ಸುಳ್ಳು ಕೂಗಲ್ಲ ಅಂತ ಹೇಳಿ ನಮಗೂ ಇದೇ ರೇಟ್ ಆಫ್ ರೈಸ್ ಹಾಕಿಸಿದರು, ಅದೂ ಓವನ್ ನೇರ ಮೇಲಕ್ಕೆ. 220 ಡಿಗ್ರಿಯ ಓವನ್ ಬಾಗಿಲು ತೆಗೆದರೆ ಬಿಸಿಗಾಳಿ ಮುಖಕ್ಕೆ ಹೊಡೆದು ಸೀದಾ ಮೇಲೇರುತ್ತೆ. ವಾರಕ್ಕೆ ಎರಡು ಸಲ ಕೂಗ್ತಿತ್ತು, ಚಿಕ್ಕವಳು ಹೆದರಿ ಅಳ್ತಿದ್ದಳು. ಕೊನೆಗೆ ಬೇರೆಯವರು ಬಂದು ಬರೀ ನಿಗದಿತ ಡಿಗ್ರಿಗೆ ಕೂಗುವಂಥದ್ದನ್ನು ಹಾಕಿ, ಜಾಗವನ್ನೂ ಒಂದೂವರೆ ಮೀಟರ್ ಆಚೆ ಸರಿಸಿದರು. ಆಮೇಲೆ ಒಂದು ಸಲವೂ ಕೂಗಿಲ್ಲ. ಜಾಗ ಬದಲಿಸಿದ್ದರಿಂದ ಸರಿಹೋಯ್ತೋ, ಬಗೆ ಬದಲಿಸಿದ್ದರಿಂದಲೋ ನನಗೆ ಗೊತ್ತಿಲ್ಲ.

ಫೈರ್ ಅಲಾರ್ಮ್ ಕೆಲಸದವನು: ಎರಡರಿಂದಲೂ ಇರಬಹುದು ಮೇಡಂ. ಸೀಲಿಂಗ್ ಹತ್ತಿರ 30 ಡಿಗ್ರಿ ಇದ್ದದ್ದು ಓವನ್ ತೆಗೆದ ಒಂದು ನಿಮಿಷದಲ್ಲಿ 42 ಆಯ್ತು ಅಂದುಕೊಳ್ಳಿ. ಏರಿದ ವೇಗ ನೋಡುವುದಕ್ಕೆ ಅದು ಬೆಂಕಿ. 57ಕ್ಕೆ ಕಾಯುವುದಕ್ಕೆ ಅದು ಏನೂ ಅಲ್ಲ. ಪ್ಯಾನೆಲ್ಲಿಗೆ ಜೋಡಿಸೋ ಡಿಟೆಕ್ಟರುಗಳ ಮೇಲೆ ಎ1, ಎ2, ಬಿ ಅಂತೆಲ್ಲ ವರ್ಗ ಬರೆದಿರ್ತಾರೆ, ಅದರ ಕೊನೆಗೆ ಕೆಲವಕ್ಕೆ ಆರ್ ಅಥವಾ ಎಸ್ ಅಕ್ಷರ ಇರುತ್ತೆ. ಎಸ್ ಇದ್ದರೆ ಬಿಸಿ ಎಷ್ಟೇ ವೇಗವಾಗಿ ಏರಿದರೂ ತನ್ನ ಕನಿಷ್ಠ ಡಿಗ್ರಿ ಮುಟ್ಟೋ ತನಕ ಬಾಯಿ ಬಿಡಲ್ಲ. ಅಡುಗೆಮನೆಗೆ ನಾನು ಹುಡುಕೋದು ಅದನ್ನೇ. ಆರ್ ಅನ್ನೋದು ವೇಗವನ್ನೂ ನೋಡುತ್ತೆ. ಚಳಿ ಜಾಗಗಳಲ್ಲಿ ಅದಕ್ಕೆ ಬೆಲೆ ಇದೆ. ಗ್ಯಾರೇಜು 5 ಡಿಗ್ರಿಯಲ್ಲಿ ತಣ್ಣಗಿದ್ದರೆ 57 ಮುಟ್ಟೋಕೆ ಬಹಳ ದೂರ ಏರಬೇಕು, ವೇಗ ನೋಡುವಂಥದ್ದು ಮೊದಲೇ ಹಿಡಿಯುತ್ತೆ.

ಮನೆಪೂರ್ತಿ ಹೀಟ್ ಹಾಕಿ ಅಂದ ಅಣ್ಣನ ಮಾತು ಮಾತ್ರ ದಯವಿಟ್ಟು ಯಾರೂ ಪಾಲಿಸಬೇಡಿ. ಮಲಗುವ ಕೋಣೆಯ ಹಾಸಿಗೆಯೋ ಸೋಫಾವೋ ಒಳಗೊಳಗೇ ಕನಲುತ್ತಾ ಗಂಟೆಗಟ್ಟಲೆ ಇರಬಹುದು. ಕೋಣೆ ಬಿಸಿಯಾಗಲ್ಲ, ಆದರೆ ಹೊಗೆ, ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತೆ. ಮಲಗಿದವರು ಏಳದೇ ಹೋಗೋದು ಹೀಗೆ. ಕೋಣೆ, ಪ್ಯಾಸೇಜು, ಮೆಟ್ಟಿಲು ಇಲ್ಲೆಲ್ಲ ಸ್ಮೋಕ್ ಟೈಪೇ ಇರಬೇಕು.

ಇತ್ತೀಚೆಗೆ ಮನೆ ಕಟ್ಟಿದವರು: ಕನಲುವ ಬೆಂಕಿ ನನ್ನ ತಲೆಗೇ ಬಂದಿರಲಿಲ್ಲ. ಕೋಣೆಗಳಿಗೆ ಸ್ಮೋಕ್ ಹಾಕಿಸ್ತೀನಿ. ಆದರೆ ಅಡುಗೆಮನೆಗೆ ರೇಟ್ ಆಫ್ ರೈಸ್ ಬೇಡ ಅನ್ನೋದನ್ನು ಪೂರ್ತಿ ಒಪ್ಪಲ್ಲ. ನಮ್ಮಲ್ಲಿ ಓವನ್ನೇ ಇಲ್ಲ.

ಇನ್ನೊಬ್ಬರು: ನಮ್ಮಲ್ಲಿ ಸಿಲಿಂಡರ್ ಪಕ್ಕದಲ್ಲೇ ನೆಲದಿಂದ ಒಂದು ಗೇಣು ಮೇಲೆ ಹಾಕಿಸಿದ್ದೇವೆ, ಲೀಕ್ ಆದ ತಕ್ಷಣ ಕೂಗುತ್ತೆ. ನೀವೂ ಹಾಗೇ ಕೆಳಗೆ ಹಾಕಿಸಿ. ಸೀಲಿಂಗಿನಲ್ಲಿ ಏನು ಉಪಯೋಗ?

ಫೈರ್ ಅಲಾರ್ಮ್ ಕೆಲಸದವನು: ನೀವು ಹೇಳ್ತಿರೋದು ಗ್ಯಾಸ್ ಡಿಟೆಕ್ಟರ್ ಸರ್. ಸಿಲಿಂಡರ್ ಗ್ಯಾಸು ಗಾಳಿಗಿಂತ ಭಾರ, ನೆಲಕ್ಕೆ ಇಳಿಯುತ್ತೆ, ಅದಕ್ಕೇ ಕೆಳಗಿದೆ, ಅಲ್ಲೇ ಇರಲಿ. ಬೆಂಕಿಯ ಬಿಸಿ ಮೇಲಕ್ಕೆ ಹೋಗುತ್ತೆ, ಇದು ಮೇಲಿರಬೇಕು. ಒಂದರ ಕೆಲಸ ಇನ್ನೊಂದು ಮಾಡಲ್ಲ. ಗ್ಯಾರೇಜಿನಲ್ಲೂ ಇದೇ ಮಾತು, ಎಂಜಿನ್ ಓಡ್ತಾ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡರೆ ಹೀಟ್ ಡಿಟೆಕ್ಟರಿಗೆ ಸುಳಿವೇ ಸಿಗಲ್ಲ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಅಡುಗೆಮನೆದು ಅರ್ಥ ಆಯ್ತು. ಗ್ಯಾರೇಜಿಗೆ ತಗಡಿನ ಚಾವಣಿ, ಒಳಗೆ ಸೀಲಿಂಗ್ ಇಲ್ಲ. ಬೇಸಗೆ ಮಧ್ಯಾಹ್ನ ಒಳಗೆ ನಿಲ್ಲೋಕಾಗಲ್ಲ. 57 ಡಿಗ್ರಿದು ಅಲ್ಲಿ ಸುಮ್ಮಸುಮ್ಮನೆ ಕೂಗಲ್ವಾ?

ಫೈರ್ ಅಲಾರ್ಮ್ ಕೆಲಸದವನು: ಒಳ್ಳೇ ಪ್ರಶ್ನೆ. ಊಹೆ ಬೇಡ, ಅಳೆಯಿರಿ. ಗರಿಷ್ಠ ಎಷ್ಟು ಮುಟ್ಟಿತು ಅಂತ ನೆನಪಿಟ್ಟುಕೊಳ್ಳೋ ಥರ್ಮಾಮೀಟರನ್ನು ಡಿಟೆಕ್ಟರ್ ಬರೋ ಜಾಗದಲ್ಲೇ ಕಟ್ಟಿ. ತಗಡಿಗೆ ತಾಗಬಾರದು, ಅಂಗೈಯಷ್ಟು ಕೆಳಗಿರಲಿ. ಬಿಸಿಲಿರೋ ನಾಲ್ಕು ದಿನ ಬಿಟ್ಟು ನೋಡಿ.

ಕೇಳಿದವರು: ಐದು ದಿನ ಕಟ್ಟಿದ್ದೆ. ಹೆಚ್ಚು ಅಂದರೆ 51. ಎದೆ ಎತ್ತರದಲ್ಲಿ ಇನ್ನೊಂದಿಟ್ಟಿದ್ದೆ, ಅಲ್ಲಿ 38 ದಾಟಲಿಲ್ಲ.

ಫೈರ್ ಅಲಾರ್ಮ್ ಕೆಲಸದವನು: ಹಾಗಿದ್ದರೆ 57ರದ್ದು ಬೇಡ. ಎ1 ವರ್ಗದ್ದು 54ರಿಂದ 65ರ ಒಳಗೆ ಎಲ್ಲಿ ಬೇಕಾದರೂ ಕೂಗಬಹುದು, ಸರಿಯಾಗಿ 57ಕ್ಕೇ ಅಂತಿಲ್ಲ. ಅದು ಇರೋ ಜಾಗ 50 ಡಿಗ್ರಿ ದಾಟಬಾರದು ಅಂತಲೇ ಲೆಕ್ಕ. ನಿಮ್ಮದು 51. ಇನ್ನೊಂದು ಸುಡುಬಿಸಿಲಿನ ದಿನ ಬಂದರೆ 3 ಡಿಗ್ರಿ ಅಂತರ ಉಳಿಯಲ್ಲ. ಕಡಿಮೆ ಅಂದರೂ ಹತ್ತು-ಹನ್ನೊಂದು ಡಿಗ್ರಿ ಅಂತರ ಬೇಕು. ಬಿ ವರ್ಗದ್ದು ತಗೊಳ್ಳಿ, 69ಕ್ಕಿಂತ ಕೆಳಗೆ ಕೂಗಲ್ಲ, 85ರೊಳಗೆ ಕೂಗಿಯೇ ಕೂಗುತ್ತೆ. ವೇಗ ನೋಡುವಂಥದ್ದು ನಿಮ್ಮ ಗ್ಯಾರೇಜಿಗೆ ಬೇಡ. ಹೊರಗೆ ಬಿಸಿಲಲ್ಲಿ ನಿಂತು ಕಾದ ಗಾಡಿ ಒಳಗೆ ತಂದರೂ, ದೊಡ್ಡ ಬಾಗಿಲು ತೆಗೆದಾಗ ಬಿಸಿಗಾಳಿ ನುಗ್ಗಿದರೂ ಗಲಾಟೆ ಮಾಡಬಹುದು. ಇದಕ್ಕೂ ಒಂದು ಬೆಲೆ ಇದೆ, ಚಳಿಗಾಲದಲ್ಲಿ ಬೆಂಕಿ ಬಿದ್ದರೆ ಸ್ವಲ್ಪ ತಡವಾಗಿ ಹಿಡಿಯುತ್ತೆ. ಚಾವಣಿ ಕೆಳಗೆ ಶಾಖ ತಡೆಯೋ ಹಾಳೆ ಹೊಡೆಸಿ ಮತ್ತೆ ಅಳೆದರೆ ಎ1ಗೇ ಇಳಿಯಬಹುದೇನೋ. ನಾನಾದರೆ ಅದನ್ನೇ ಮೊದಲು ಮಾಡ್ತಿದ್ದೆ.

ಇನ್ನೊಂದು. ಹೀಟ್ ಡಿಟೆಕ್ಟರ್ ಒಂದಕ್ಕೆ ಸಿಗೋ ವ್ಯಾಪ್ತಿ ಸ್ಮೋಕಿಗಿಂತ ಕಡಿಮೆ. ಸ್ಮೋಕಿಗೆ ಸುತ್ತ 7.5 ಮೀಟರ್ ಲೆಕ್ಕ ಹಿಡಿದರೆ ಇದಕ್ಕೆ 5.3. ಎರಡು ಗಾಡಿ ಉದ್ದುದ್ದಕ್ಕೆ ನಿಲ್ಲೋ ಗ್ಯಾರೇಜಾದರೆ ಒಂದು ಸಾಲದೇ ಹೋಗಬಹುದು. ಗೋಡೆ ಮೂಲೆಗೂ ಹಾಕಬೇಡಿ, ಬಿಸಿಗಾಳಿ ಮೂಲೆಯನ್ನು ಬಿಟ್ಟು ತಿರುಗುತ್ತೆ. ಗೋಡೆಯಿಂದ 30 ಸೆಂಟಿಮೀಟರ್ ಈಚೆಗಿರಲಿ.

ಬ್ಯಾಟರಿ ಸ್ಕೂಟರಿನವರು: ಅದೇ ಗ್ಯಾರೇಜಿನಲ್ಲಿ ಲಿಥಿಯಂ ಬ್ಯಾಟರಿ ಗಾಡಿ ಚಾರ್ಜಿಗೆ ಹಾಕೋರಿದ್ದರೆ? ಅದು ಕೆಟ್ಟರೆ ಮೊದಲು ಬಿಳೀ ಹೊಗೆ ಥರ ಆವಿ ಉಗುಳುತ್ತೆ, ಆಮೇಲೆ ಬೆಂಕಿ. 69 ಡಿಗ್ರಿಗೆ ಕಾಯ್ತಾ ಕೂತರೆ ಆಗುತ್ತಾ?

ಫೈರ್ ಅಲಾರ್ಮ್ ಕೆಲಸದವನು: ಇದಕ್ಕೆ ನನ್ನ ಹತ್ತಿರ ನೇರ ಉತ್ತರ ಇಲ್ಲ. ಹೊಗೆ, ಬಿಸಿ ಎರಡನ್ನೂ ಒಟ್ಟಿಗೆ ತೂಗಿ ನೋಡೋ ಮಲ್ಟಿ ಸೆನ್ಸರ್ ಇದೆ, ಕೆಲವರು ಅದನ್ನು ಹಾಕ್ತಾರೆ. ಆದರೆ ಅದೇ ಗ್ಯಾರೇಜಿನಲ್ಲಿ ಪೆಟ್ರೋಲ್ ಗಾಡಿಯೂ ಸ್ಟಾರ್ಟ್ ಆಗ್ತಿದ್ದರೆ ಹಳೇ ಕಾಟ ತಿರುಗಿ ಬರುತ್ತೆ. ಸದ್ಯಕ್ಕೆ ನಾನು ಹೇಳೋದು, ಮನೆಯೊಳಗೆ ಹೋಗೋ ಬಾಗಿಲಿನ ಹತ್ತಿರ ಚಾರ್ಜಿಗೆ ಹಾಕಬೇಡಿ, ಎಲ್ಲರೂ ಮಲಗಿದ ಮೇಲೆ ಹಾಕಬೇಡಿ.

ಓವನ್ ಇಟ್ಟುಕೊಂಡವರು: ಹಾಕಿದ ಮೇಲೆ ಟೆಸ್ಟ್ ಬಟನ್ ಒತ್ತಿದರೆ ಸಾಕಾ?

ಫೈರ್ ಅಲಾರ್ಮ್ ಕೆಲಸದವನು: ಬಟನ್ ಒತ್ತಿದರೆ ಬ್ಯಾಟರಿ, ಸರ್ಕ್ಯೂಟು, ಸದ್ದು ಸರಿಯಿದೆ ಅಂತ ಗೊತ್ತಾಗುತ್ತೆ ಅಷ್ಟೇ. ಬಿಸಿಗೆ ಎಚ್ಚರಗೊಳ್ಳುತ್ತಾ ಅಂತ ನೋಡೋಕೆ ಹೇರ್ ಡ್ರೈಯರ್ ಒಂದಡಿ ದೂರದಿಂದ ಹಿಡೀತಾರೆ. ಅದಕ್ಕೂ ಮೊದಲು ಜೊತೆಗೆ ಬಂದ ಪುಸ್ತಕ ಓದಿ. ಕೆಲವು ಹಳೇ ನಮೂನೆಗಳಲ್ಲಿ ಕರಗುವ ಲೋಹದ ತುಣುಕು ಇರುತ್ತೆ, ಒಂದು ಸಲ ಕರಗಿದರೆ ಮುಗೀತು, ಹೊಸದೇ ಹಾಕಬೇಕು. ಲೈಟರ್ ಅಂತೂ ಹಿಡಿಯಲೇಬೇಡಿ.

ಕೇಳಿದವರು: ನಿನ್ನೆ ಹಾಕಿಸಿದೆ. ಅಡುಗೆಮನೆಗೆ ನಿಗದಿತ ಡಿಗ್ರಿದು, ಪ್ಯಾಸೇಜಿಗೆ ಸ್ಮೋಕು, ಗ್ಯಾರೇಜಿಗೆ ಬಿ ವರ್ಗದ್ದು. ಪುಸ್ತಕದಲ್ಲಿ ಪರವಾಗಿಲ್ಲ ಅಂತಿತ್ತು, ಹೇರ್ ಡ್ರೈಯರ್ ಹಿಡಿದೆ. ಗ್ಯಾರೇಜಿನದ್ದು ಕೂಗಿತು, ಆದರೆ ಮಲಗೋ ಕೋಣೆ ಹತ್ತಿರದ್ದು ತೆಪ್ಪಗಿತ್ತು. ನೋಡಿದರೆ ಅದು ಹಳೇದು, ಬೇರೆ ಕಂಪನಿದು, ಜೋಡಣೆಯೇ ಆಗಿರಲಿಲ್ಲ. ಬಾಗಿಲು ಮುಚ್ಚಿ ಹಾಸಿಗೆ ಮೇಲೆ ಮಲಗಿ ಕೇಳಿಸಿಕೊಂಡೆ, ಗ್ಯಾರೇಜಿನ ಸದ್ದು ಎಲ್ಲೋ ಪಕ್ಕದ ಮನೆಯಲ್ಲಿ ಕೂಗಿದ ಹಾಗಿತ್ತು. ಅದನ್ನೂ ಬದಲಾಯಿಸೋಕೆ ನಾಳೆ ಬರ್ತೀನಿ ಅಂದಿದ್ದಾರೆ.