ಕೇಕಿನಲ್ಲಿ ಹಣ್ಣು ತಳ ಸೇರುವುದು: ಅನುಭವ ಹಂಚಿಕೊಳ್ಳಿ

ಪ್ರಶ್ನೆ (ಡೊಂಬಿವಲಿಯಿಂದ): 200 ಗ್ರಾಂ ಮೈದಾ, ಕರಗಿಸಿದ 150 ಗ್ರಾಂ ಬೆಣ್ಣೆ, 150 ಗ್ರಾಂ ಸಕ್ಕರೆ, 3 ಮೊಟ್ಟೆ, ಅರ್ಧ ಕಪ್ ಹಾಲು. ಇಡೀ ಚೆರ್ರಿ, ಗೋಡಂಬಿ ಎಲ್ಲಾ ತಳಕ್ಕೇ ಹೋಗಿ ಕೂರುತ್ತವೆ. ಏನು ಮಾಡಲಿ?

ಪುಣೆ: ಹಣ್ಣಿಗೆ ಮೈದಾ ಹೊರಳಿಸಿ, ಅಷ್ಟೇ ಸಾಕು. ಎರಡು ಚಮಚ ಜಾಸ್ತಿಯೇ ಇರಲಿ.

ಮಡಗಾಂವ್: ಅಷ್ಟಕ್ಕೇ ನಿಲ್ಲಲ್ಲ. ಮೈದಾ ಮಾಡೋದು ಹಣ್ಣಿನ ಮೇಲಿನ ಜಾರುವ ಅಂಟನ್ನು ಹೀರಿ, ಹಿಟ್ಟಿಗೆ ಹಿಡಿತ ಕೊಡೋದು. ಹಿಟ್ಟೇ ನೀರಾಗಿದ್ದರೆ ಹಿಡಿಯಲು ಏನೂ ಇರಲ್ಲ. ಜಾಸ್ತಿ ಹಾಕಿದರೆ ಕತ್ತರಿಸಿದಾಗ ಬಿಳಿ ಪುಡಿ ಕಾಣುತ್ತೆ. ಅಳೆದಿಟ್ಟ 200 ಗ್ರಾಂನಿಂದಲೇ ಒಂದು ದೊಡ್ಡ ಚಮಚ ತೆಗೆದು 150 ಗ್ರಾಂ ಹಣ್ಣಿಗೆ ಹೊರಳಿಸಿ, ಉಳಿದ ಪುಡಿಯನ್ನು ಜರಡಿಯಲ್ಲಿ ಉದುರಿಸಿ. ಅದಕ್ಕೂ ಮುಂಚೆ ಚೆರ್ರಿಯ ಪಾಕವನ್ನು ತೊಳೆದು ಬಟ್ಟೆಯಲ್ಲಿ ಒತ್ತಿ ಒಣಗಿಸಲೇಬೇಕು. ಇಲ್ಲದಿದ್ದರೆ ಮೈದಾ ಕರಗಿ ಗಂಜಿಯಾಗುತ್ತೆ. ರಮ್ಮಿನಲ್ಲಿ ನೆನೆಸಿದ ದ್ರಾಕ್ಷಿಗೂ ಇದೇ ಮಾತು.

ನಿಮ್ಮ ಅಳತೆಯಲ್ಲಿ ನಿಜವಾದ ತೊಂದರೆ ಕರಗಿಸಿದ ಬೆಣ್ಣೆ, ಅರ್ಧ ಕಪ್ ಹಾಲು. ಬೆರಳಿಟ್ಟರೆ ಗುಳಿ ಬೀಳುವಷ್ಟು ಮೆತ್ತಗಿನ ಬೆಣ್ಣೆಯನ್ನು ಸಕ್ಕರೆ ಜೊತೆ ಬಿಳುಪಾಗುವವರೆಗೆ ಕಡೆಯಿರಿ. ಮೊಟ್ಟೆ ಒಂದೊಂದಾಗಿ ಹಾಕಿ. ಹಾಲು ಎರಡು ಚಮಚ ದಾಟಬೇಡಿ. ಸೌಟು ಎತ್ತಿದರೆ ಹಿಟ್ಟು ದಾರದಂತೆ ಹರಿಯಬಾರದು, ಮುದ್ದೆಯಾಗಿ ನಿಧಾನ ಜಾರಿ ಬೀಳಬೇಕು.

ಮಾಟುಂಗಾ: ನಮ್ಮಲ್ಲೂ ಹೀಗೇ ಕುಸಿಯುತ್ತೆ, ನಡುಭಾಗ ಗುಂಡಿ! ಬೇಕಿಂಗ್ ಪೌಡರ್ ಕಡಿಮೆ ಮಾಡಿದ ಮೇಲೆ ಸರಿಹೋಯ್ತು.

ಠಾಣೆ: ಅದು ಕೇಕ್ ಕುಸಿಯೋದು, ಅಕ್ಕಾ. ಇವರು ಕೇಳ್ತಿರೋದು ಹಣ್ಣು ಮುಳುಗೋದು. ಇಲ್ಲಿ ತುಂಡಿನ ಗಾತ್ರವೂ ಮುಖ್ಯ. ಇಡೀ ಚೆರ್ರಿಯ ಭಾರಕ್ಕೆ ಹೋಲಿಸಿದರೆ ಹಿಟ್ಟು ಅದನ್ನು ತಡೆಯುವ ಮೈ ಕಡಿಮೆ. ಬಟಾಣಿ ಕಾಳಿನಷ್ಟು ಹೆಚ್ಚಿದರೆ ಭಾರ ಸಿಕ್ಕಾಪಟ್ಟೆ ಇಳಿಯುತ್ತೆ, ಇಳಿಯೋ ವೇಗವೂ ಕಡಿಮೆ. ಟೂಟಿ ಫ್ರೂಟಿ ಸಾಮಾನ್ಯವಾಗಿ ಮುಳುಗದಿರೋದು ಅದಕ್ಕೇ. ಗೋಡಂಬಿಯನ್ನೂ ನಾಲ್ಕು ಚೂರು ಮಾಡಿ.

ಪುಣೆ: ಒಪ್ಪಿದೆ. ಆದರೆ ಬಟ್ಟಲಲ್ಲಿ ಒಂದು ಚೆರ್ರಿ ಮೇಲಿಟ್ಟು ಐದು ನಿಮಿಷ ಕಾದರೆ ಗೊತ್ತಾಗಲ್ವಾ?

ಮಡಗಾಂವ್: ಅರ್ಧ ಮಾತ್ರ. ಅಲ್ಲೇ ಮುಳುಗಿದರೆ ಖಂಡಿತ ಹಿಟ್ಟು ತೆಳು. ತೇಲಿದರೂ ಖಾತ್ರಿಯಿಲ್ಲ. ಒಲೆಯೊಳಗೆ ಮೊದಲು ಬೆಣ್ಣೆ ಕರಗಿ ಹಿಟ್ಟು ಸಡಿಲವಾಗುತ್ತೆ, ಆಮೇಲೆ ಗಟ್ಟಿಯಾಗೋದು. ಆ ಸಂದಿಯಲ್ಲೇ ಹಣ್ಣು ಇಳಿಯುತ್ತೆ. ಆದ್ದರಿಂದ ಒಲೆ ಮುಂಚೆಯೇ 170 ಡಿಗ್ರಿಗೆ ಕಾದಿರಲಿ, ತಣ್ಣನೆ ಒಲೆಗೆ ಇಟ್ಟರೆ ಆ ಸಂದಿ ಉದ್ದವಾಗುತ್ತೆ. ಮೇ ತಿಂಗಳ ಸೆಖೆಯಲ್ಲಿ ಹಿಟ್ಟು ಕಲಸುವಾಗಲೇ ಸಡಿಲವಾದರೆ ಬಟ್ಟಲನ್ನು ಹತ್ತು ನಿಮಿಷ ಫ್ರಿಜ್‌ನಲ್ಲಿಡಿ. ಕೊನೆಗೆ ಹಣ್ಣಿಲ್ಲದ ಹಿಟ್ಟನ್ನು ತಳದಲ್ಲಿ ಒಂದು ಬೆರಳು ದಪ್ಪ ಹರಡಿ, ಹಣ್ಣಿನ ಹಿಟ್ಟನ್ನು ಅದರ ಮೇಲೆ ಹಾಕಿ. ಒಂದಿಷ್ಟು ಇಳಿದರೂ ಟಿನ್ನಿನ ತಳಕ್ಕೆ ಅಂಟಲ್ಲ.

ವಸಾಯಿ: ಮೊಟ್ಟೆಯಿಲ್ಲದೆ ಕಂಡೆನ್ಸ್ಡ್ ಮಿಲ್ಕ್ ಹಾಕಿದ ಹಿಟ್ಟು ಯಾವಾಗಲೂ ತೆಳುವೇ. ಅದಕ್ಕೂ ಇದೇ ಸಾಕಾ?

ಠಾಣೆ: ಚಿಕ್ಕ ಚೂರಿಗೆ ಸಾಕಾಗಬಹುದು. ನಾನಾದರೆ ಅದರಲ್ಲಿ ಅರ್ಧ ಹಣ್ಣನ್ನು ಮೇಲೆಯೇ ಉದುರಿಸ್ತೀನಿ. ಬೇರೆ ದಾರಿ ಗೊತ್ತಿರೋರು ಬರೀರಿ.