ಅಪ್‌ಡೇಟ್: ಅಮ್ಮನ ಸಂಘಕ್ಕೆ ಬ್ಯಾಂಕ್ ಸಾಲ ಸಿಕ್ಕಿತು

ನಾನು ಕೇಳಿದ್ದು: "ಆನೇಕಲ್ ಕಡೆಯ ನಮ್ಮೂರಲ್ಲಿ ಅಮ್ಮನ ಸ್ವಸಹಾಯ ಸಂಘದ ಖಾತೆಯಲ್ಲಿ ಇರೋದೇ 8,400 ರೂಪಾಯಿ. ಇಷ್ಟಕ್ಕೆ ಬ್ಯಾಂಕ್ ಎಷ್ಟು ಸಾಲ ಕೊಡುತ್ತೆ?"

ಖಾತೆಯಲ್ಲಿರುವ ಹಣವಷ್ಟೇ ಲೆಕ್ಕಕ್ಕಲ್ಲ ಅಂತ ಇಲ್ಲಿ ಹೇಳಿದವರ ಮಾತೇ ನಿಜವಾಯಿತು. ಹನ್ನೆರಡು ಜನ, ವಾರಕ್ಕೆ ನೂರು ರೂಪಾಯಿ, ಮೂವತ್ತು ವಾರ. ಅಲ್ಲಿಗೆ 36,000 ಉಳಿತಾಯ. ಸಂಘದೊಳಗೇ ಸದಸ್ಯರಿಗೆ ಕೊಟ್ಟ ಸಾಲದ ಬಡ್ಡಿ 1,400. ಒಟ್ಟು 37,400. ಇದರಲ್ಲಿ 29,000 ಸದಸ್ಯರ ಕೈಯಲ್ಲೇ ಸಾಲವಾಗಿ ಓಡಾಡುತ್ತಿತ್ತು, ಉಳಿದದ್ದು ಖಾತೆಯಲ್ಲಿ. ಸಂಜೀವಿನಿ ಯೋಜನೆಯ ಸಂಘಗಳಿಗೆ ಮೊದಲ ಸಾಲ ಈ ಒಟ್ಟು ನಿಧಿಯ ಆರು ಪಟ್ಟು ಅಥವಾ ಒಂದೂವರೆ ಲಕ್ಷ, ಯಾವುದು ಜಾಸ್ತಿಯೋ ಅದು. ನಮಗೆ 2,24,000 ಮಂಜೂರಾಯಿತು.

ಆದರೆ ಮೊದಲ ಸಲ ಅರ್ಜಿ ವಾಪಸ್ ಬಂದಿತ್ತು. ಸಾಲದ ಪುಸ್ತಕದಲ್ಲಿ 25,000 ಮಾತ್ರ ಇತ್ತು. ನಾನು ಭಾನುವಾರ ಬೆಂಗಳೂರಿನಿಂದ ಹೋಗಿ ಅಮ್ಮನ ಜೊತೆ ನಡಾವಳಿ ಪುಸ್ತಕ ತೆರೆದು ಕೂತೆ. ಒಂದು ಸಭೆಯಲ್ಲಿ ಹಸುವಿನ ಚಿಕಿತ್ಸೆಗೆ ಅಂತ 4,000 ಕೊಟ್ಟ ನಿರ್ಣಯ, ಹನ್ನೆರಡು ಸಹಿ, ಎಲ್ಲ ಇತ್ತು. ಸಾಲದ ಪುಸ್ತಕಕ್ಕೆ ಮಾತ್ರ ಹತ್ತಿರಲಿಲ್ಲ. ಮುಂದಿನ ಸಭೆಯಲ್ಲಿ ಎಲ್ಲರೆದುರು ಬರೆಸಿದೆವು.

ಶಾಖೆಯಲ್ಲಿ ಒಬ್ಬರು 20,000 ಠೇವಣಿ ಇಡಿ ಅಂದರು. ಹತ್ತು ಲಕ್ಷದವರೆಗಿನ ಸಂಘದ ಸಾಲಕ್ಕೆ ಅಡಮಾನವನ್ನಾಗಲಿ ಠೇವಣಿಯನ್ನಾಗಲಿ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಅಮ್ಮ ಅದನ್ನೇ ಮೆಲ್ಲಗೆ ಹೇಳಿದರು, ಮತ್ತೆ ಯಾರೂ ಕೇಳಲಿಲ್ಲ. ನನಗೆ ತುಂಬಾ ಹೆಮ್ಮೆಯಾಯಿತು.

ಹಣ ಸಂಘದ ಖಾತೆಗೇ ಬಂದಿದೆ. ಯಾರಿಗೆ ಎಷ್ಟು ಅಂತ ಶುಕ್ರವಾರದ ಸಭೆಯಲ್ಲಿ ತೀರ್ಮಾನ.